ಏಳು ಕಾರ್ಡ್ ಕೈಗೆ ಬಂದ ಮೇಲೆ

ರಮ್ಮಿ ಆಡುವವರಿಗೆ ‘ಡ್ರಾಪ್’ ಗೊತ್ತು. ಹದಿಮೂರು ಎಲೆ ನೋಡಿ, ಇದರಲ್ಲಿ ಏನೂ ಕೂಡಿಬರುವುದಿಲ್ಲ ಎನಿಸಿದರೆ ಕೆಲವು ಪಾಯಿಂಟ್ ಕೊಟ್ಟು ಆ ಆಟದಿಂದ ಹೊರಬರುತ್ತಾರೆ. ಪೂರ್ತಿ ಸೋಲುವುದಕ್ಕಿಂತ ಚಿಕ್ಕ ನಷ್ಟ ಮೇಲು ಎಂಬ ಲೆಕ್ಕ ಅದು. ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡ್ ಆಟದಲ್ಲೂ ಇಂಥದೇ ಒಂದು ಲೆಕ್ಕವಿದೆ. ಅಲ್ಲಿ ಆಟ ಬಿಟ್ಟು ಏಳಬೇಕಾಗಿಲ್ಲ. ಕೈಗೆ ಬಂದ ಕಾರ್ಡುಗಳನ್ನು ಹಿಂದಕ್ಕೆ ಕೊಟ್ಟು ಹೊಸದಾಗಿ ಎತ್ತಿಕೊಳ್ಳಬಹುದು, ಅದಕ್ಕೆ ಒಂದು ಕಾರ್ಡಿನ ಬೆಲೆ ತೆರಬೇಕು. ಇದನ್ನು ಮಲ್ಲಿಗನ್ ಎನ್ನುತ್ತಾರೆ. ಆಟದ ಮೊದಲ ಚಲನೆಗೂ ಮುಂಚೆ ಬರುವ ಈ ತೀರ್ಮಾನದಲ್ಲೇ ಎಷ್ಟೋ ಪಂದ್ಯಗಳು ಕೈಬಿಟ್ಟು ಹೋಗುತ್ತವೆ.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದಿತು. ಆಟಗಾರ ತಾನು ಸಂಗ್ರಹಿಸಿದ ಕಾರ್ಡುಗಳಿಂದ ತನ್ನದೇ ಕಟ್ಟು ತಯಾರಿಸಿಕೊಂಡು ಬರುತ್ತಾನೆ. ಸಾಮಾನ್ಯವಾಗಿ ಅದರಲ್ಲಿ 60 ಕಾರ್ಡುಗಳು, ಅವುಗಳಲ್ಲಿ ಸುಮಾರು 24 ‘ಲ್ಯಾಂಡ್’. ಲ್ಯಾಂಡ್ ಎಂದರೆ ಆದಾಯದ ಮೂಲ. ಸರದಿಗೆ ಒಂದರಂತೆ ಅದನ್ನು ಮೇಜಿನ ಮೇಲೆ ಇಡಬಹುದು. ಪ್ರತಿ ಲ್ಯಾಂಡ್ ಪ್ರತಿ ಸರದಿಯಲ್ಲೂ ಒಂದು ‘ಮನಾ’ ಕೊಡುತ್ತದೆ. ಉಳಿದ ಪ್ರಾಣಿಗಳು, ಮಂತ್ರಗಳು ಎಲ್ಲವನ್ನೂ ಆ ಮನಾ ಖರ್ಚು ಮಾಡಿಯೇ ಆಡಬೇಕು. ಬಣ್ಣವೂ ಕೂಡಬೇಕು: ಹಸಿರು ಕಾರ್ಡಿಗೆ ಫಾರೆಸ್ಟ್ ಬೇಕು, ಕೆಂಪಿಗೆ ಮೌಂಟನ್.

ಆಟದ ಆರಂಭಕ್ಕೆ ಏಳು ಕಾರ್ಡ್ ಎತ್ತುತ್ತೇವೆ. 24 ಲ್ಯಾಂಡ್ ಇರುವ ಕಟ್ಟಿನಿಂದ ಎರಡು, ಮೂರು ಅಥವಾ ನಾಲ್ಕು ಲ್ಯಾಂಡ್ ಬರುವ ಸಂಭವ ಶೇ. 77. ಒಂದೂ ಬಾರದಿರುವುದು ಅಥವಾ ಒಂದೇ ಬರುವುದು ಶೇ. 14ರಷ್ಟು ಸಲ. ಆದ್ದರಿಂದ ಹೊಸಬರಿಗೆ ಮೊದಲು ಹೇಳಿಕೊಡುವ ಸೂತ್ರ ‘ಎರಡರಿಂದ ಐದು ಲ್ಯಾಂಡ್ ಇದ್ದರೆ ಇಟ್ಟುಕೋ’ ಎಂಬುದು. ಸೂತ್ರ ತಪ್ಪಲ್ಲ, ಆದರೆ ಅದು ಲ್ಯಾಂಡನ್ನು ಎಣಿಸುವುದಷ್ಟನ್ನೇ ಕಲಿಸುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಮೊದಲ ಮೂರು ಸರದಿಗಳಲ್ಲಿ ಈ ಕೈಯಿಂದ ನಾನು ಏನು ಆಡುತ್ತೇನೆ?

ಹನ್ನೆರಡು ಫಾರೆಸ್ಟ್, ಹನ್ನೆರಡು ಮೌಂಟನ್ ಇರುವ ಹಸಿರು–ಕೆಂಪು ಕಟ್ಟು ಎಂದುಕೊಳ್ಳಿ. ಮೊದಲ ಕೈ ಹೀಗಿದೆ: ಒಂದು ಫಾರೆಸ್ಟ್, ಒಂದು ಮೌಂಟನ್, ಒಂದು ಹಸಿರು ಮನಾಕ್ಕೆ ಬರುವ ಲಾನೋವರ್ ಎಲ್ವ್ಸ್, ಎರಡು ಮನಾದ ಗ್ರಿಜ್ಲಿ ಬೇರ್ಸ್, ಒಂದು ಕೆಂಪು ಮನಾದ ಲೈಟ್ನಿಂಗ್ ಬೋಲ್ಟ್, ಒಂದು ಹಸಿರು ಮನಾದ ಜೈಂಟ್ ಗ್ರೋತ್, ಆರು ಮನಾ ಬೇಡುವ ಶಿವಾನ್ ಡ್ರ್ಯಾಗನ್. ಎರಡನೇ ಕೈಯಲ್ಲಿ ಎರಡೂ ಮೌಂಟನ್. ಜೊತೆಗೆ ಅದೇ ಎಲ್ವ್ಸ್, ಬೇರ್ಸ್, ಜೈಂಟ್ ಗ್ರೋತ್, ಮತ್ತು ಆರಾರು ಮನಾದ ಡ್ರ್ಯಾಗನ್ ಹಾಗೂ ಕ್ರಾ ವರ್ಮ್. ಲ್ಯಾಂಡ್ ಎಣಿಸಿದರೆ ಎರಡೂ ಕೈ ಒಂದೇ.

ಆಡಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಮೊದಲ ಕೈಯಲ್ಲಿ ಮೊದಲ ಸರದಿಗೆ ಫಾರೆಸ್ಟ್ ಇಟ್ಟು ಎಲ್ವ್ಸ್ ಆಡುತ್ತೀರಿ. ಎಲ್ವ್ಸ್ ಮುಂದಿನ ಸರದಿಯಿಂದ ತಾನೇ ಒಂದು ಹಸಿರು ಮನಾ ಕೊಡುತ್ತದೆ. ಹಾಗಾಗಿ ಎರಡನೇ ಸರದಿಗೆ ಮೂರು ಮನಾ ಸಿಕ್ಕಿ, ಬೇರ್ಸ್ ಮತ್ತು ಬೋಲ್ಟ್ ಎರಡನ್ನೂ ಆಡಬಹುದು. ಮೂರನೇ ಲ್ಯಾಂಡ್ ತಡವಾದರೂ ಕೈ ಕಟ್ಟಿ ಕೂರಬೇಕಾಗಿಲ್ಲ. ಎರಡನೇ ಕೈಯಲ್ಲಿ ಫಾರೆಸ್ಟ್ ಬರುವ ತನಕ ಆಡಲು ಏನೂ ಇಲ್ಲ. ಉಳಿದ 53 ಕಾರ್ಡುಗಳಲ್ಲಿ ಫಾರೆಸ್ಟ್ 12. ಮೊದಲು ಆಡುವವರಾದರೆ ಮೂರನೇ ಸರದಿಯೊಳಗೆ ಅದು ಸಿಗುವ ಸಂಭವ ಶೇ. 40 ಮಾತ್ರ. ಸಿಕ್ಕಿತೆಂದೇ ಇಟ್ಟುಕೊಳ್ಳಿ, ಒಂದೇ ಫಾರೆಸ್ಟಿನಿಂದ ಎಲ್ವ್ಸ್ ಮತ್ತು ಬೇರ್ಸ್ ಎರಡನ್ನೂ ಆ ಸರದಿಯಲ್ಲಿ ಆಡಲಾಗದು; ಎರಡಕ್ಕೂ ಒಂದೊಂದು ಹಸಿರು ಮನಾ ಬೇಕು. ಈ ಕೈಯನ್ನು ಯೋಚಿಸದೆ ಹಿಂದಿರುಗಿಸಬೇಕು.

ಯಾರು ಮೊದಲು ಆಡುತ್ತಾರೆ ಎಂಬುದೂ ತೀರ್ಮಾನವನ್ನು ಬದಲಿಸುತ್ತದೆ. ಇಬ್ಬರ ಆಟದಲ್ಲಿ ಮೊದಲು ಆಡುವವನಿಗೆ ಮೊದಲ ಸರದಿಯಲ್ಲಿ ಕಾರ್ಡ್ ಎತ್ತುವ ಅವಕಾಶವಿಲ್ಲ, ಎರಡನೆಯವನಿಗೆ ಇದೆ. ಎರಡು ಲ್ಯಾಂಡ್ ಇರುವ ಕೈಗೆ ಮೂರನೇ ಸರದಿಯೊಳಗೆ ಮೂರನೇ ಲ್ಯಾಂಡ್ ಬರುವ ಸಂಭವ ಮೊದಲು ಆಡುವವನಿಗೆ ಶೇ. 66, ಎರಡನೆಯವನಿಗೆ ಶೇ. 81. ಒಂದೇ ಒಂದು ಹೆಚ್ಚುವರಿ ಕಾರ್ಡಿನಿಂದ ಇಷ್ಟು ಅಂತರ. ಬೆಲೆಬಾಳುವ ಕಾರ್ಡುಗಳೇ ತುಂಬಿದ ಎರಡು ಲ್ಯಾಂಡಿನ ಕೈಯನ್ನು ನಾನು ಎರಡನೆಯವನಾಗಿ ಆಡುವಾಗ ಕೆಲವೊಮ್ಮೆ ಇಟ್ಟುಕೊಳ್ಳುತ್ತೇನೆ, ಮೊದಲು ಆಡುವಾಗ ಎಂದೂ ಇಲ್ಲ.

ನಿಜಕ್ಕೂ ಕಷ್ಟ ಕೊಡುವುದು ಆಸೆ ಹುಟ್ಟಿಸುವ ಕೈ. ಒಂದೇ ಫಾರೆಸ್ಟ್, ಎರಡು ಎಲ್ವ್ಸ್, ಎರಡು ಬೇರ್ಸ್, ಒಂದು ಬೋಲ್ಟ್, ಒಂದು ಜೈಂಟ್ ಗ್ರೋತ್. ಎಲ್ಲವೂ ಅಗ್ಗದ ಕಾರ್ಡುಗಳೇ. ಎಲ್ವ್ಸ್ ಬದುಕಿದರೆ ಎರಡನೇ ಸರದಿಗೆ ಲ್ಯಾಂಡ್ ಬಾರದಿದ್ದರೂ ಬೇರ್ಸ್ ಆಡಬಹುದು. ಮೂರನೇ ಸರದಿಯೊಳಗೆ ಇನ್ನೊಂದಾದರೂ ಲ್ಯಾಂಡ್ ಸಿಗುವ ಸಂಭವ ಎರಡನೆಯವನಿಗೆ ಶೇ. 83, ಮೊದಲು ಆಡುವವನಿಗೆ ಶೇ. 68. ಓದಲು ಚೆನ್ನಾಗಿಯೇ ಇದೆ. ಆದರೆ ಇಡೀ ಲೆಕ್ಕ ನಿಂತಿರುವುದು ಒಂದೇ ಏಟಿಗೆ ಸಾಯುವ ಎಲ್ವ್ಸ್ ಮೇಲೆ. ಎದುರಾಳಿಯ ಬಳಿ ಒಂದು ಬೋಲ್ಟ್ ಇದ್ದರೆ ನೀವು ಒಂದೇ ಲ್ಯಾಂಡಿನೊಂದಿಗೆ ಉಳಿಯುತ್ತೀರಿ. ಎದುರಾಳಿಯ ಕಟ್ಟು ಕೆಂಪು ಎಂದು ಗೊತ್ತಿದ್ದರೆ ಬಿಡುವುದೇ ಸರಿ. ಅವನು ನಿಧಾನಗತಿಯ ಕಟ್ಟಿನವನಾಗಿದ್ದು ನಾನು ಎರಡನೆಯವನಾದರೆ ಇಟ್ಟುಕೊಂಡು ಆಡುತ್ತೇನೆ. ಮೊದಲ ಆಟದಲ್ಲಿ ಇದು ಗೊತ್ತಾಗುವುದಿಲ್ಲ; ಮೂರು ಆಟದ ಪಂದ್ಯದ ಎರಡನೇ ಆಟಕ್ಕೆ ಗೊತ್ತಿರುತ್ತದೆ. ಅದೇ ಏಳು ಕಾರ್ಡಿಗೆ ಎರಡು ಆಟಗಳಲ್ಲಿ ಎರಡು ಉತ್ತರ ಬರುವುದು ಹೀಗೆ.

ಹೆಚ್ಚು ಲ್ಯಾಂಡ್ ಬಂದ ಕೈಯನ್ನು ಜನ ಅನಗತ್ಯವಾಗಿ ಹೆದರಿ ಬಿಡುತ್ತಾರೆ. ಐದು ಲ್ಯಾಂಡ್, ಆಡಬಲ್ಲ ಎರಡು ಕಾರ್ಡ್ ಇದ್ದರೆ ಉಳಿದ ಕಟ್ಟಿನಿಂದ ಎತ್ತುವ ಪ್ರತಿ ಕಾರ್ಡ್ ಲ್ಯಾಂಡ್ ಅಲ್ಲದೆ ಇರುವ ಸಂಭವ ಶೇ. 64. ಒಂದೇ ಲ್ಯಾಂಡಿನ ಕೈಗೆ ಪ್ರತಿ ಸಲ ಲ್ಯಾಂಡ್ ಸಿಗುವ ಸಂಭವ ಶೇ. 43. ಮೇಲಾಗಿ ಲ್ಯಾಂಡ್ ಹೊತ್ತಿಗೆ ಸರಿಯಾಗಿ ಬರಬೇಕು, ಉಳಿದದ್ದು ಒಂದು ಸರದಿ ತಡವಾದರೂ ನಡೆಯುತ್ತದೆ. ಆ ಎರಡು ಕಾರ್ಡುಗಳಲ್ಲಿ ಒಂದಾದರೂ ಮೂರನೇ ಸರದಿಯೊಳಗೆ ಆಡುವಂಥದ್ದಾಗಿದ್ದರೆ ಸಾಕು. ಎರಡೂ ಡ್ರ್ಯಾಗನ್ ಆದರೆ ಬೇಡ.

ಇಷ್ಟೆಲ್ಲ ಆದಮೇಲೂ ಕೈಯಲ್ಲಿರುವುದನ್ನು ಕನಸಿನ ಕೈಯೊಂದಿಗೆ ಹೋಲಿಸಬಾರದು. ಬಿಟ್ಟರೆ ಸಿಗುವ ಆರು ಕಾರ್ಡಿನ ಕೈಯೊಂದಿಗೆ ಹೋಲಿಸಬೇಕು. ಆ ಆರು ಕಾರ್ಡು ಈಗ ಮುಂಚಿಗಿಂತ ಎಷ್ಟೋ ಚೆನ್ನಾಗಿದೆ. ಹಿಂದೆ ಮಲ್ಲಿಗನ್ ಮಾಡಿದವರು ನೇರವಾಗಿ ಆರೇ ಕಾರ್ಡ್ ಎತ್ತುತ್ತಿದ್ದರು. 2019ರಲ್ಲಿ ಬಂದ ನಿಯಮದಂತೆ ಮತ್ತೆ ಏಳು ಎತ್ತಿ, ಇಟ್ಟುಕೊಳ್ಳುವುದೆಂದು ನಿರ್ಧರಿಸಿದ ಮೇಲೆ ಬೇಡವಾದ ಒಂದನ್ನು ಕಟ್ಟಿನ ತಳಕ್ಕೆ ಸೇರಿಸುತ್ತಾರೆ. ಎರಡನೇ ಸಲವೂ ಬಿಟ್ಟರೆ ಮತ್ತೆ ಏಳು ಎತ್ತಿ, ಎರಡನ್ನು ತಳಕ್ಕೆ. ಆ ವರ್ಷ ಲಂಡನ್ನಿನ ಪಂದ್ಯಾವಳಿಯಲ್ಲಿ ಪರೀಕ್ಷಿಸಿದ್ದರಿಂದ ಇದಕ್ಕೆ ಲಂಡನ್ ಮಲ್ಲಿಗನ್ ಎಂದು ಹೆಸರು. ಐದು ಲ್ಯಾಂಡ್ ಬಂದರೆ ಒಂದನ್ನು ತಳಕ್ಕೆ ಹಾಕಿ ನಾಲ್ಕು ಮಾಡಿಕೊಳ್ಳಬಹುದು. ಎರಡು ಲ್ಯಾಂಡಿನ ಜೊತೆ ಡ್ರ್ಯಾಗನ್ ಬಂದರೆ ಡ್ರ್ಯಾಗನ್ ಹೋಗಬೇಕು, ಅದೆಷ್ಟು ಪ್ರೀತಿಯದಾದರೂ.

ಆದರೂ ಪ್ರತಿ ಮಲ್ಲಿಗನ್ನಿಗೆ ಒಂದು ಕಾರ್ಡ್ ಕಳೆದೇ ಕಳೆಯುತ್ತದೆ. ಆದ್ದರಿಂದ ಏಳರಲ್ಲಿ ಒಪ್ಪದ ಕೈಯನ್ನು ಆರರಲ್ಲಿ ಒಪ್ಪಬೇಕಾಗುತ್ತದೆ, ಐದಕ್ಕೆ ಇಳಿಯುವ ಹೊತ್ತಿಗೆ ಎರಡು ಲ್ಯಾಂಡ್ ಮತ್ತು ಆಡಲಿಕ್ಕೆ ಒಂದು ಕಾರ್ಡ್ ಇದ್ದರೆ ಒಪ್ಪಿಕೊಳ್ಳಬೇಕು.

ಅನುಮಾನದ ಕೈಯನ್ನು ಅಳೆಯಲು ಮನೆಯಲ್ಲೇ ಒಂದು ದಾರಿಯಿದೆ. ಆ ಏಳು ಕಾರ್ಡುಗಳನ್ನು ಪಕ್ಕಕ್ಕೆ ಇಟ್ಟು, ಉಳಿದ 53ನ್ನು ಚೆನ್ನಾಗಿ ಕಲೆಸಿ ಎದುರಾಳಿಯಿಲ್ಲದೆ ನಾಲ್ಕು ಸರದಿ ಆಡಿ, ಮತ್ತೆ ಕಲೆಸಿ, ಮತ್ತೆ ಆಡಿ. ಇಪ್ಪತ್ತು ಸಲ ಮಾಡಿದರೆ ಎಷ್ಟು ಸಲ ಸುಮ್ಮನೆ ಕೂರಬೇಕಾಯಿತು ಎಂಬುದು ಕಾಗದದ ಮೇಲೆ ಬರುತ್ತದೆ. ಕಳೆದ ಪಂದ್ಯದಲ್ಲಿ ಆ ಕೈಯಿಂದ ಗೆದ್ದಿರಾ, ಸೋತಿರಾ ಎಂಬುದಕ್ಕಿಂತ ಆ ಎಣಿಕೆಯನ್ನು ನಂಬಬಹುದು.