ದುಡ್ಡು ಕಟ್ಟುವ ಮುನ್ನ ಬರೆಯಬೇಕಾದ ಪತ್ರ

ಆನ್‌ಲೈನ್ ಶಾಲೆಯ ಆ್ಯಪ್‌ನಲ್ಲಿ ಮೂರು ಪ್ಲಾನ್‌ಗಳಿವೆ. ಮೂರರಲ್ಲೂ ‘ರೆಕಾರ್ಡೆಡ್ ಕ್ಲಾಸ್’ ಎಂದು ಬರೆದಿದೆ, ಬೆಲೆ ಮಾತ್ರ ಬೇರೆ ಬೇರೆ. ಮಾರಾಟದವರು ಫೋನಿನಲ್ಲಿ ಎಲ್ಲದಕ್ಕೂ ‘ಸಿಗುತ್ತೆ ಮೇಡಂ’ ಎನ್ನುತ್ತಾರೆ. ಇಂಥ ಹೊತ್ತಿನಲ್ಲಿ ಸಣ್ಣ ಊರಿನ ತಾಯಿಯೊಬ್ಬರು ಕಂಪನಿಗೆ ಬರೆಯಬೇಕಾದ ಪತ್ರ ಹೀಗಿರಬಹುದು:

‘ಮಾನ್ಯರೇ, ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ನಿಮ್ಮ ನೇರ ತರಗತಿ ಸಂಜೆ 5ಕ್ಕೆ. ಅವಳು ಕಾಲೇಜಿನಿಂದ ಬಸ್ಸಿಳಿದು ಮನೆ ಸೇರುವಾಗ 6 ದಾಟಿರುತ್ತದೆ. ಆ ದಿನ ನಡೆದ ನೇರ ತರಗತಿಯ ರೆಕಾರ್ಡಿಂಗ್ ಯಾವ ಪ್ಲಾನ್‌ನಲ್ಲಿ ಸಿಗುತ್ತದೆ? ಎಲ್ಲ ವಿಷಯಗಳಿಗೂ ಸಿಗುತ್ತದೆಯೇ? ತರಗತಿ ಮುಗಿದ ಎಷ್ಟು ಗಂಟೆಯೊಳಗೆ ಹಾಕುತ್ತೀರಿ? ನಾನು ಜೂನ್ 5ರಂದು ಹಣ ಕಟ್ಟಿದರೆ ಅವಳು ಕೊನೆಯ ಬಾರಿ ಪಾಠ ನೋಡಬಹುದಾದ ದಿನಾಂಕ ಯಾವುದು? ಡೌನ್‌ಲೋಡ್ ಮಾಡಿಟ್ಟ ಪಾಠ ಅದರ ನಂತರವೂ ತೆರೆಯುತ್ತದೆಯೇ? ದಯವಿಟ್ಟು ಇದೇ ಇಮೇಲ್‌ಗೆ ಉತ್ತರಿಸಿ.’

ಈ ಪತ್ರದಲ್ಲಿ ‘ಆ ದಿನ ನಡೆದ ನೇರ ತರಗತಿಯ’ ಎಂಬಷ್ಟನ್ನು ಬಿಡಬಾರದು. ರೆಕಾರ್ಡೆಡ್ ಪಾಠದಲ್ಲಿ ಎರಡು ಬಗೆ. ಒಂದು, ಸ್ಟುಡಿಯೋದಲ್ಲಿ ಮೊದಲೇ ಚಿತ್ರಿಸಿಟ್ಟದ್ದು. ಅದು ಹಿಂದಿನ ವರ್ಷದ್ದಾಗಿರಬಹುದು, ಬೇರೆ ಶಿಕ್ಷಕರದ್ದಾಗಿರಬಹುದು. ಇನ್ನೊಂದು, ನಿಮ್ಮ ಮಗುವಿನ ಬ್ಯಾಚಿಗೇ ಇಂದು ಸಂಜೆ ನಡೆದ ತರಗತಿಯ ರೆಕಾರ್ಡಿಂಗ್. ಅದರಲ್ಲಿ ಸಹಪಾಠಿಗಳು ಕೇಳಿದ ಪ್ರಶ್ನೆ, ಶಿಕ್ಷಕರು ಕೊಟ್ಟ ಹೋಂವರ್ಕ್ ಎಲ್ಲ ಇರುತ್ತದೆ. ತರಗತಿ ತಪ್ಪಿಸಿಕೊಳ್ಳುವ ಹುಡುಗಿಗೆ ಬೇಕಾದದ್ದು ಎರಡನೆಯದು. ಅಗ್ಗದ ಪ್ಲಾನ್‌ನಲ್ಲಿ ಮೊದಲನೆಯದಷ್ಟೇ ಇದ್ದರೂ ‘ರೆಕಾರ್ಡೆಡ್ ಕ್ಲಾಸ್ ಇದೆ’ ಎಂದು ಹೇಳಲು ಅಡ್ಡಿಯಿಲ್ಲ. ರೆಕಾರ್ಡಿಂಗ್ ಎರಡು ದಿನ ತಡವಾಗಿ ಬಂದರೂ ಕಷ್ಟವೇ. ಸೋಮವಾರದ ಪಾಠ ನೋಡದೆ ಮಂಗಳವಾರದ ಲೆಕ್ಕ ಅರ್ಥವಾಗುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಅವಧಿಯಲ್ಲಿ. ಪತ್ರದಲ್ಲಿ ‘ಎಷ್ಟು ತಿಂಗಳು’ ಎಂದು ಕೇಳದೆ ‘ಕೊನೆಯ ದಿನಾಂಕ ಯಾವುದು’ ಎಂದು ಕೇಳಿರುವುದು ಇದೇ ಕಾರಣಕ್ಕೆ. ತಿಂಗಳ ಎಣಿಕೆ ಹಣ ಕಟ್ಟಿದ ದಿನದಿಂದ ಶುರುವಾಗಬಹುದು, ಬ್ಯಾಚ್ ಆರಂಭವಾದ ದಿನದಿಂದಲೂ ಆಗಬಹುದು. ಬ್ಯಾಚ್ ಮೇ ತಿಂಗಳಲ್ಲೇ ಶುರುವಾಗಿದ್ದರೆ ಜೂನ್‌ನಲ್ಲಿ ಸೇರಿದವರಿಗೆ ಒಂದು ತಿಂಗಳು ಆಗಲೇ ಕಳೆದಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 2024ರ ಜೂನ್ 5ರಂದು ಒಂಬತ್ತು ತಿಂಗಳ ಪ್ಲಾನ್ ಕೊಂಡಿದ್ದರೆ, ಹಣ ಕಟ್ಟಿದ ದಿನದಿಂದಲೇ ಎಣಿಸಿದರೂ ಅದು 2025ರ ಮಾರ್ಚ್ 4ಕ್ಕೆ ಮುಗಿಯುತ್ತಿತ್ತು. ಆ ವರ್ಷ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆ ಮಾರ್ಚ್ 1ರಿಂದ 20ರವರೆಗೆ ನಡೆಯಿತು. ಅಂದರೆ ಪರೀಕ್ಷೆಯ ನಡುವೆಯೇ, ಹಿಂದಿನ ರಾತ್ರಿ ಒಂದು ಅಧ್ಯಾಯ ಮತ್ತೆ ನೋಡೋಣ ಎಂದು ಕೂತ ಮಗುವಿನ ಮುಂದೆ ಆ್ಯಪ್ ‘ನವೀಕರಿಸಿ’ ಎನ್ನುತ್ತದೆ. ಸಿಇಟಿ ಏಪ್ರಿಲ್ ಮಧ್ಯದಲ್ಲಿತ್ತು, ನೀಟ್ ಮೇ 4ಕ್ಕಿತ್ತು. ಅಂಕ ಹೆಚ್ಚಿಸಿಕೊಳ್ಳಲು ಬರೆಯುವ ಎರಡನೇ ಪರೀಕ್ಷೆ ಏಪ್ರಿಲ್ 24ಕ್ಕೆ ಶುರುವಾಯಿತು. ರೆಕಾರ್ಡಿಂಗ್ ನಿಜವಾಗಿ ಬೇಕಾಗುವುದೇ ಪುನರಾವರ್ತನೆಯ ಈ ದಿನಗಳಲ್ಲಿ. ನನ್ನ ಅಭಿಪ್ರಾಯದಲ್ಲಿ ಮಗು ಬರೆಯಲಿರುವ ಕೊನೆಯ ಪರೀಕ್ಷೆಯವರೆಗೆ ಬಾಳದ ಪ್ಲಾನ್ ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. ಸಾಮಾನ್ಯವಾಗಿ ಇಂಥ ಪಾಠಗಳು ಫೋನಿನ ಗ್ಯಾಲರಿಗೆ ಬರುವುದಿಲ್ಲ, ಆ್ಯಪ್‌ನ ಒಳಗೇ ಬೀಗ ಹಾಕಿದಂತೆ ಇರುತ್ತವೆ. ಪ್ಲಾನ್ ಮುಗಿದ ದಿನ ಅವೂ ತೆರೆಯುವುದಿಲ್ಲ. ಕೆಲವೆಡೆ ಒಂದು ಪಾಠವನ್ನು ಎಷ್ಟು ಸಲ ನೋಡಬಹುದು, ಎಷ್ಟು ಫೋನ್‌ಗಳಲ್ಲಿ ತೆರೆಯಬಹುದು ಎಂಬುದಕ್ಕೂ ಮಿತಿ ಇರುತ್ತದೆ. ಮನೆಯಲ್ಲಿ ಅಪ್ಪನ ಫೋನು, ಅಮ್ಮನ ಫೋನು ಎಂದು ಬದಲಾಯಿಸಿಕೊಂಡು ಓದುವ ಮಕ್ಕಳಿದ್ದರೆ ಪತ್ರದಲ್ಲಿ ಇದನ್ನೂ ಸೇರಿಸಿ.

ಉತ್ತರ ಬಂದಾಗ ಮೂರು ಸಂಗತಿ ಕಣ್ಣಿಗೆ ಬೀಳಬೇಕು: ಪ್ಲಾನ್‌ನ ಹೆಸರು, ‘ನೇರ ತರಗತಿಯ ರೆಕಾರ್ಡಿಂಗ್’ ಎಂಬ ಸ್ಪಷ್ಟ ಮಾತು, ಒಂದು ದಿನಾಂಕ. ‘ಇಡೀ ಶೈಕ್ಷಣಿಕ ವರ್ಷಕ್ಕೆ’ ಎಂದಷ್ಟೇ ಬರೆದಿದ್ದರೆ ದಿನಾಂಕ ಕೊಡಿ ಎಂದು ಮತ್ತೆ ಕೇಳಿ. ‘ಈ ಆಫರ್ ಇವತ್ತು ರಾತ್ರಿಗೇ ಕೊನೆ’ ಎಂದು ಅವಸರ ಮಾಡಿದರೂ ಲಿಖಿತ ಉತ್ತರ ಬರುವವರೆಗೆ ಕಾಯಿರಿ. ಆ ಇಮೇಲ್, ಹಣ ಕಟ್ಟಿದ ರಸೀದಿ, ಅಂದಿನ ಪ್ಲಾನ್ ಪುಟದ ಸ್ಕ್ರೀನ್‌ಶಾಟ್ ಮೂರನ್ನೂ ಒಟ್ಟಿಗೆ ಇಡಿ. ಪ್ಲಾನ್‌ನ ವಿವರ ಆಮೇಲೆ ಬದಲಾದರೆ ನಿಮ್ಮ ಕೈಯಲ್ಲಿರುವ ಪುರಾವೆ ಇವೇ.

ಹೇಳಿದ್ದು ಸಿಗದಿದ್ದರೆ ಮೊದಲು ಕಂಪನಿಗೇ ದೂರು ಬರೆಯಿರಿ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಯಾವ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ನೀವು ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗಕ್ಕೆ ಶುಲ್ಕವಿಲ್ಲ.