‘1 ಮಾತ್ರ’ ಎಂದರೆ ಎರಡು ತೀರ್ಪು

ಯುಪಿಎಸ್‌ಸಿ ಆಗಲಿ, ಕೆಎಎಸ್ ಆಗಲಿ, ಪ್ರಿಲಿಮ್ಸ್ ಪತ್ರಿಕೆ ತೆರೆದರೆ ಒಂದು ಬಗೆಯ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಅದೇ ಧಾಟಿಯಲ್ಲಿ ನಾನು ಕಟ್ಟಿದ ಒಂದು ಮಾದರಿ ಇಲ್ಲಿದೆ.

ಈ ಕೆಳಗಿನ ಹೇಳಿಕೆಗಳನ್ನು ಪರಿಗಣಿಸಿ:
1. ಧನ ವಿಧೇಯಕವನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು.
2. ಧನ ವಿಧೇಯಕದ ಬಗ್ಗೆ ಎರಡೂ ಸದನಗಳಿಗೆ ಒಮ್ಮತ ಬರದಿದ್ದರೆ ರಾಷ್ಟ್ರಪತಿಯವರು ಜಂಟಿ ಅಧಿವೇಶನ ಕರೆಯಬಹುದು.
ಇವುಗಳಲ್ಲಿ ಸರಿಯಾದುದು ಯಾವುದು?
(ಎ) 1 ಮಾತ್ರ (ಬಿ) 2 ಮಾತ್ರ (ಸಿ) 1 ಮತ್ತು 2 ಎರಡೂ (ಡಿ) 1 ಅಲ್ಲ, 2 ಕೂಡ ಅಲ್ಲ

ಸಂವಿಧಾನ ಓದಿದವರಿಗೆ ಮೊದಲ ಹೇಳಿಕೆ ಕಂಡ ಕೂಡಲೇ ಗೊತ್ತಾಗುತ್ತದೆ. 109ನೇ ವಿಧಿಯ ಪ್ರಕಾರ ಧನ ವಿಧೇಯಕವನ್ನು ರಾಜ್ಯಸಭೆಯಲ್ಲಿ ಮಂಡಿಸುವಂತಿಲ್ಲ. ಹಾಗಾಗಿ ಅದು ಸರಿ. ಇಲ್ಲಿಯವರೆಗೆ ಎಡವುವವರು ಕಡಿಮೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎರಡನೇ ಹೇಳಿಕೆ ಅದೇ ವಿಷಯದ ಮುಂದುವರಿದ ಮಾತಿನಂತೆ ಕಾಣುತ್ತದೆ. ಜಂಟಿ ಅಧಿವೇಶನ ಇರುವುದೇ ಸದನಗಳ ಭಿನ್ನಾಭಿಪ್ರಾಯ ಬಗೆಹರಿಸಲು ಎಂಬುದೂ ನೆನಪಿಗೆ ಬರುತ್ತದೆ. ಕೈ ತಾನಾಗಿ (ಸಿ) ಕಡೆ ಹೋಗುತ್ತದೆ.

ಎರಡನೆಯದನ್ನು ಒಂಟಿಯಾಗಿ ನಿಲ್ಲಿಸಿ ನೋಡಿ. ಮೊದಲನೆಯದನ್ನು ಬೆರಳಿನಿಂದ ಮುಚ್ಚಿಬಿಡಿ. ಈಗ ಉಳಿಯುವ ಪ್ರಶ್ನೆ ಒಂದೇ: ಜಂಟಿ ಅಧಿವೇಶನ ಧನ ವಿಧೇಯಕಕ್ಕೆ ಅನ್ವಯಿಸುತ್ತದೆಯೇ? ಅದರ ವಿಧಿ 108. ಆ ವಿಧಿಯೇ ಧನ ವಿಧೇಯಕವನ್ನು ಹೊರಗಿಟ್ಟಿದೆ. ಕಾರಣವೂ ಸ್ಪಷ್ಟ. ಧನ ವಿಧೇಯಕದಲ್ಲಿ ರಾಜ್ಯಸಭೆಗೆ ತಡೆಯುವ ಅಧಿಕಾರವೇ ಇಲ್ಲ. 14 ದಿನಗಳೊಳಗೆ ಶಿಫಾರಸುಗಳೊಂದಿಗೆ ಅಥವಾ ಶಿಫಾರಸುಗಳಿಲ್ಲದೆ ಅದನ್ನು ಹಿಂದಿರುಗಿಸಬೇಕು. ಆ ಶಿಫಾರಸುಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಗೆ ಸೇರಿದ್ದು. ಗಡುವು ಮೀರಿದರೆ ಲೋಕಸಭೆ ಅಂಗೀಕರಿಸಿದ ರೂಪದಲ್ಲೇ ಎರಡೂ ಸದನಗಳು ಒಪ್ಪಿದಂತೆ ಲೆಕ್ಕ. ಬಿಕ್ಕಟ್ಟೇ ಹುಟ್ಟದ ಕಡೆ ಅದನ್ನು ಬಿಡಿಸುವ ಅಧಿವೇಶನಕ್ಕೆ ಕೆಲಸವಿಲ್ಲ. ಎರಡನೇ ಹೇಳಿಕೆ ತಪ್ಪು, ಉತ್ತರ (ಎ).

ಇಲ್ಲಿ ಗಮನಿಸಬೇಕಾದದ್ದು ಆಯ್ಕೆಗಳ ಒಳಗಿನ ಅರ್ಥ. ‘1 ಮಾತ್ರ’ ಎಂದು ಗುರುತು ಹಾಕಿದವರು ಮೊದಲನೆಯದು ಸರಿ ಎಂದಷ್ಟೇ ಹೇಳುತ್ತಿಲ್ಲ, ಎರಡನೆಯದು ತಪ್ಪು ಎಂದೂ ಹೇಳುತ್ತಿದ್ದಾರೆ. ನಾಲ್ಕೂ ಆಯ್ಕೆಗಳು ಹೀಗೆ ಎರಡೆರಡು ತೀರ್ಪುಗಳ ಜೋಡಿ. ಆದ್ದರಿಂದ ಆಯ್ಕೆಗಳನ್ನು ನೋಡುವ ಮೊದಲೇ ಪ್ರತಿ ಹೇಳಿಕೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಸ’, ‘ತ’ ಅಥವಾ ಗೊತ್ತಿಲ್ಲದಿದ್ದರೆ ‘?’ ಎಂದು ಬರೆಯುವುದು ಒಳ್ಳೆಯದು. ‘ಸರಿಯಲ್ಲದ್ದು ಯಾವುದು?’ ಎಂದು ಕೇಳಿದಾಗಲೂ ಈ ಗುರುತುಗಳು ಬದಲಾಗುವುದಿಲ್ಲ. ಗುರುತು ಮುಗಿದ ಮೇಲೆ ಪ್ರಶ್ನೆಯ ವಾಕ್ಯವನ್ನು ಇನ್ನೊಮ್ಮೆ ಓದಿ ಆಯ್ಕೆಗೆ ಹೋದರೆ ಸಾಕು.

‘ಮಾತ್ರ’, ‘ಎಲ್ಲ’, ‘ಎಂದಿಗೂ’ ಎಂಬ ಪದಗಳಿದ್ದರೆ ಹೇಳಿಕೆ ತಪ್ಪಿರುತ್ತದೆ ಎಂಬ ಸಲಹೆ ಅಭ್ಯರ್ಥಿಗಳ ನಡುವೆ ಓಡಾಡುತ್ತದೆ. ಅದನ್ನು ನಂಬಿದವರಿಗೆ ನಮ್ಮ ಮೊದಲ ಹೇಳಿಕೆಯೇ ಕೈಕೊಡುತ್ತದೆ: ಅಲ್ಲಿ ‘ಮಾತ್ರ’ ಇದೆ, ಹೇಳಿಕೆ ಪೂರ್ತಿ ಸರಿ. ಒಂದೇ ಹೇಳಿಕೆಯಲ್ಲಿ ಎರಡು ಸಂಗತಿಗಳು ಅಡಗಿರುವ ಸಂದರ್ಭ ಇನ್ನೂ ನಾಜೂಕು. ‘ಹೇಮಾವತಿ ಮತ್ತು ಭದ್ರಾ ಕಾವೇರಿಯ ಉಪನದಿಗಳು’ ಎಂದಾಗ ಹೇಮಾವತಿ ಕಾವೇರಿಗೇ ಸೇರುತ್ತದೆ, ಆದರೆ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಕೂಡಿ ತುಂಗಭದ್ರೆಯಾಗಿ ಕೃಷ್ಣೆಗೆ ಹೋಗುತ್ತದೆ. ಅರ್ಧ ನಿಜವಾದ ಈ ಹೇಳಿಕೆ ಪೂರ್ತಿ ತಪ್ಪು. ‘ಮತ್ತು’ ಬಂದ ಕಡೆ ವಾಕ್ಯವನ್ನು ಎರಡಾಗಿ ಒಡೆದು ಓದಬೇಕು.

ಬಿಡಿಯಾಗಿ ಪರೀಕ್ಷಿಸುವುದರಿಂದ ಅಂಕದ ಲಾಭವೂ ಇದೆ. ಯುಪಿಎಸ್‌ಸಿಯ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ 100 ಪ್ರಶ್ನೆಗಳು, 200 ಅಂಕಗಳು. ತಪ್ಪಿದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ, ಅಂದರೆ 0.66 ಕಡಿತ. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದನ್ನು ಗುರುತಿಸುತ್ತ ಹೋದರೆ ಸರಾಸರಿ ಗಳಿಕೆ ಸೊನ್ನೆ. ಆದರೆ ಒಂದು ಹೇಳಿಕೆ ಖಚಿತವಾಗಿ ಸರಿ ಎಂದು ಗೊತ್ತಿದ್ದರೆ (ಬಿ) ಮತ್ತು (ಡಿ) ಬಿದ್ದುಹೋಗುತ್ತವೆ. ಉಳಿದ ಎರಡರಲ್ಲಿ ಊಹಿಸಿದರೂ ಸರಾಸರಿ ಸುಮಾರು 0.67 ಅಂಕ ಸಿಗುತ್ತದೆ. ‘ಖಚಿತ’ ಎಂಬುದು ಮಾತ್ರ ನಿಜವಾಗಿ ಖಚಿತವಾಗಿರಬೇಕು. ಎಲ್ಲೋ ಓದಿದ ನೆನಪಿಗೆ ‘ಸ’ ಎಂದು ಬರೆದರೆ ಸರಿಯುತ್ತರವೇ ಅಳಿಸಿಹೋಗಬಹುದು.

2023ರ ಪತ್ರಿಕೆಯಲ್ಲಿ ಆಯೋಗ ಈ ದಾರಿಯನ್ನೇ ಕಿರಿದು ಮಾಡಿತು. ‘ಮೇಲಿನವುಗಳಲ್ಲಿ ಎಷ್ಟು ಹೇಳಿಕೆಗಳು ಸರಿ?’ ಎಂದು ಕೇಳಿ ‘ಒಂದು ಮಾತ್ರ, ಎರಡು ಮಾತ್ರ, ಮೂರೂ, ಯಾವುದೂ ಅಲ್ಲ’ ಎಂಬ ಆಯ್ಕೆಗಳನ್ನು ಅನೇಕ ಪ್ರಶ್ನೆಗಳಿಗೆ ಕೊಟ್ಟಿತು. ಇಲ್ಲಿ ಮೊದಲನೆಯದು ಸರಿ ಎಂದು ಗೊತ್ತಾದರೂ ಬೀಳುವುದು ‘ಯಾವುದೂ ಅಲ್ಲ’ ಒಂದೇ. ಎರಡು ಹೇಳಿಕೆ ಸರಿ ಎಂದು ತಿಳಿದು ಮೂರನೆಯದರಲ್ಲಿ ಸಂದೇಹ ಉಳಿದರೆ ‘ಎರಡು ಮಾತ್ರ’, ‘ಮೂರೂ’ ಎಂಬ ಎರಡು ಆಯ್ಕೆಗಳು ಎದುರಿಗಿರುತ್ತವೆ. ಹಿಂದೆ ಒಂದು ಹೇಳಿಕೆಯ ಖಚಿತ ತಿಳಿವಳಿಕೆಯಿಂದ ಸಿಗುತ್ತಿದ್ದ ಅನುಕೂಲಕ್ಕೆ ಈಗ ಎರಡು ಹೇಳಿಕೆ ಗೊತ್ತಿರಬೇಕು.