ಸಿಲಬಸ್ಸಿನಿಂದ ಓದಿನ ಪಟ್ಟಿ: ಅಂಕ ಹಾಕುವುದು ಯಾವಾಗ?

ಪರೀಕ್ಷೆಗೆ ಮುನ್ನ ಸಿಲಬಸ್ಸನ್ನು ಪಟ್ಟಿಯಾಗಿ ಬರೆದು, ಪ್ರತಿ ವಿಷಯದ ಮುಂದೆ ಅದು ಎಷ್ಟು ಬರುತ್ತದೆ ಎಂದು ಅಂಕ ಹಾಕಿಕೊಂಡು, ವಾರವಾರ ಆ ಅಂಕ ತಿದ್ದುತ್ತಾ ಹೋಗುವ ಕ್ರಮ ಕಾಲೇಜು ವಿದ್ಯಾರ್ಥಿಗಳಲ್ಲಿ ಬಳಕೆಯಲ್ಲಿದೆ. ಪಟ್ಟಿ ಮಾಡುವುದು ಒಂದು ಸಂಜೆಯ ಕೆಲಸ. ಅಂಕ ಯಾವ ಆಧಾರದ ಮೇಲೆ, ಯಾವಾಗ ಹಾಕಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನ ಆಪರೇಟಿಂಗ್ ಸಿಸ್ಟಮ್ಸ್ ವಿಷಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಿಲಬಸ್ಸಿನಲ್ಲಿ ಐದು ಮಾಡ್ಯೂಲ್‌ಗಳಿವೆ. ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆಗಳಿದ್ದು, ಒಂದಕ್ಕೆ ಉತ್ತರಿಸಬೇಕು. ಅದಕ್ಕೆ 20 ಅಂಕ. ಮೂರನೇ ಮಾಡ್ಯೂಲಿನಲ್ಲಿ ಡೆಡ್‌ಲಾಕ್ ಮತ್ತು ಮೆಮೊರಿ ಮ್ಯಾನೇಜ್‌ಮೆಂಟ್ ಬರುತ್ತವೆ. ‘ಡೆಡ್‌ಲಾಕ್’ ಎಂದು ಒಂದೇ ಸಾಲು ಬರೆದರೆ ಅದಕ್ಕೆ ಅಂಕ ಹಾಕುವಂತಿಲ್ಲ, ಏಕೆಂದರೆ ಅದರಲ್ಲಿ ಸ್ವಲ್ಪ ಬರುತ್ತದೆ, ಸ್ವಲ್ಪ ಬರುವುದಿಲ್ಲ. ಅದನ್ನು ಪರೀಕ್ಷಕರು ಕೇಳುವ ರೀತಿಯಲ್ಲಿ ಒಡೆಯಬೇಕು: ಡೆಡ್‌ಲಾಕ್ ಆಗಲು ಬೇಕಾದ ನಾಲ್ಕು ಷರತ್ತುಗಳನ್ನು ವಿವರಿಸುವುದು, ರಿಸೋರ್ಸ್ ಅಲೊಕೇಷನ್ ಗ್ರಾಫ್ ಬಿಡಿಸಿ ಡೆಡ್‌ಲಾಕ್ ಇದೆಯೇ ಎಂದು ಹೇಳುವುದು, ಬ್ಯಾಂಕರ್ಸ್ ಆಲ್ಗಾರಿದಮ್‌ನಿಂದ ಸೇಫ್ ಸೀಕ್ವೆನ್ಸ್ ಕಂಡುಹಿಡಿಯುವುದು, ಹೀಗೆ. ಪ್ರತಿ ಸಾಲೂ ಒಂದು ಕ್ರಿಯೆಯಲ್ಲಿ ಮುಗಿಯಬೇಕು. ಮಾಡ್ಯೂಲಿಗೆ ಹತ್ತು ಸಾಲು ಸಾಕು. ಅದಕ್ಕಿಂತ ಸಣ್ಣದಾಗಿ ಒಡೆದರೆ ಓದುವುದಕ್ಕಿಂತ ಪಟ್ಟಿ ತಿದ್ದುವುದೇ ದೊಡ್ಡ ಕೆಲಸವಾಗುತ್ತದೆ.

ಅಂಕದ ಅಳತೆಯೂ ಮನಸ್ಸಿನ ಧೈರ್ಯವನ್ನಲ್ಲ, ಕೈಯಿಂದ ಆದದ್ದನ್ನು ಹೇಳಬೇಕು. ಸೊನ್ನೆ ಎಂದರೆ ಇನ್ನೂ ಓದಿಲ್ಲ. ಪುಸ್ತಕ ತೆರೆದಿಟ್ಟರೆ ಅರ್ಥವಾಗುತ್ತದೆ ಎಂದರೆ 1, ಮುಚ್ಚಿಟ್ಟು ಅರ್ಧ ಬರೆಯಲಾದರೆ 2, ಪೂರ್ತಿ ಬರೆಯಲಾದರೆ 3. ಹಳೆಯ ಪತ್ರಿಕೆಯ, ಮೊದಲು ನೋಡಿರದ ಲೆಕ್ಕವೊಂದನ್ನು ಪರೀಕ್ಷೆಯ ಸಮಯದಲ್ಲೇ ಮುಗಿಸಿದರೆ 4. ಮೂರು ಗಂಟೆಯಲ್ಲಿ 100 ಅಂಕ ಬರೆಯಬೇಕಾದ್ದರಿಂದ 10 ಅಂಕದ ಲೆಕ್ಕಕ್ಕೆ ಸಿಗುವುದು 18 ನಿಮಿಷ.

ಓದಿ ಮುಗಿಸಿದ ಕೂಡಲೇ ಹಾಕಿದ ಅಂಕ ಹೆಚ್ಚಾಗಿ ಸುಳ್ಳಾಗಿರುತ್ತದೆ. ಈಗಷ್ಟೇ ಕಣ್ಣಿಗೆ ಬಿದ್ದದ್ದು ಗೊತ್ತಿರುವಂತೆಯೇ ಅನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೆಲ್ಸನ್ ಮತ್ತು ಡನ್‌ಲಾಸ್ಕಿ 1991ರಲ್ಲಿ ತೋರಿಸಿದಂತೆ, ಕಲಿತ ತಕ್ಷಣ ಮಾಡುವ ಅಂದಾಜಿಗಿಂತ ಸ್ವಲ್ಪ ಹೊತ್ತು ಬಿಟ್ಟು ಮಾಡುವ ಅಂದಾಜು ಎಷ್ಟೋ ನಿಖರ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರಿಗೆ ತಮಗೆ ಚೆನ್ನಾಗಿ ನೆನಪಿರುತ್ತದೆಂಬ ನಂಬಿಕೆ ಹೆಚ್ಚಿತ್ತು. ಒಂದು ವಾರದ ನಂತರ ಹೆಚ್ಚು ನೆನಪಿದ್ದದ್ದು ಓದಿದ್ದನ್ನು ನೋಡದೆ ಬರೆದು ಪರೀಕ್ಷಿಸಿಕೊಂಡವರಿಗೆ. ಆದ್ದರಿಂದ ಇಂದು ಓದಿದ್ದಕ್ಕೆ ನಾಳೆ, ಖಾಲಿ ಹಾಳೆಯ ಮೇಲೆ ಬರೆದುನೋಡಿ ಅಂಕ ಹಾಕಬೇಕು.

ಬ್ಯಾಂಕರ್ಸ್ ಆಲ್ಗಾರಿದಮ್‌ನ ಒಂದು ಸಣ್ಣ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಒಟ್ಟು 10 ಸಂಪನ್ಮೂಲಗಳಿವೆ. ಮೂರು ಪ್ರೊಸೆಸ್‌ಗಳ ಗರಿಷ್ಠ ಬೇಡಿಕೆ ಕ್ರಮವಾಗಿ 7, 4, 8. ಈಗಾಗಲೇ ಪಡೆದದ್ದು 3, 2, 2. ಉಳಿದಿರುವುದು 3, ಇನ್ನೂ ಬೇಕಾದದ್ದು 4, 2, 6. ಮೊದಲು ಎರಡನೆಯದು ಮುಗಿಯಬಹುದು. ಮುಗಿದಾಗ ಅದರ ಹಳೆಯ 2 ವಾಪಸ್ ಬಂದು ಉಳಿಕೆ 5 ಆಗುತ್ತದೆ. ಆಗ ಮೊದಲನೆಯದು ಮುಗಿದು ಉಳಿಕೆ 8, ಕೊನೆಗೆ ಮೂರನೆಯದು. ವ್ಯವಸ್ಥೆ ಸೇಫ್. ಪುಸ್ತಕದಲ್ಲಿ ಈ ಹಂತಗಳನ್ನು ನೋಡುತ್ತಾ ಹೋದ ವಿದ್ಯಾರ್ಥಿ ಆ ರಾತ್ರಿ ಸಲೀಸಾಗಿ 3 ಹಾಕಿಕೊಳ್ಳುತ್ತಾನೆ. ಮರುದಿನ ತಾನೇ ಮಾಡಲು ಕೂತಾಗ ಮರಳಿದ 2ನ್ನು ಕೂಡಿಸಲು ಮರೆತರೆ ಉಳಿಕೆ 3ರಲ್ಲೇ ನಿಲ್ಲುತ್ತದೆ. 4 ಬೇಕಾದ ಪ್ರೊಸೆಸ್ ಮುಂದೆ ಹೋಗದೆ ಉತ್ತರ ‘ಅನ್‌ಸೇಫ್’ ಎಂದಾಗುತ್ತದೆ. ನಿಜವಾದ ಅಂಕ 2. ಪಕ್ಕದಲ್ಲಿ ‘ವಾಪಸ್ ಕೂಡಿಸಲಿಲ್ಲ’ ಎಂದು ಬರೆದಿಟ್ಟರೆ ಮುಂದಿನ ಸಲ ಇಡೀ ಅಧ್ಯಾಯ ತಿರುವಬೇಕಾಗಿಲ್ಲ.

ವಾರದ ಕೊನೆಗೆ ಹಳೆಯ ಅಂಕವನ್ನು ಅಳಿಸದೆ, ದಿನಾಂಕದೊಂದಿಗೆ ಹೊಸ ಕಾಲಮ್ಮಿನಲ್ಲಿ ಹೊಸದನ್ನು ಬರೆಯಬೇಕು. ಮೂರು ವಾರ ಮುಟ್ಟದ ವಿಷಯ 3ರಿಂದ 2ಕ್ಕೆ ಇಳಿದರೆ ಅದು ಹಿನ್ನಡೆಯಲ್ಲ, ಮರೆವಿನ ಸಹಜ ನಡೆ. ಪಟ್ಟಿ ಇರುವುದೇ ಅದನ್ನು ಹಿಡಿಯಲು. ಎಲ್ಲ ವಾರವೂ ಅಂಕ ಏರುತ್ತಲೇ ಇದ್ದರೆ ಅನುಮಾನಪಡಬೇಕು: ಬಹುಶಃ ಬರೆದು ನೋಡದೆಯೇ ಅಂಕ ಬೀಳುತ್ತಿದೆ.

ಪ್ರಗತಿಯನ್ನು ಇಡೀ ವಿಷಯದ ಸರಾಸರಿಯಿಂದ ಅಳೆಯುವುದು ತಪ್ಪು. ನಾಲ್ಕು ಮಾಡ್ಯೂಲ್‌ಗಳಲ್ಲಿ 4, ಒಂದರಲ್ಲಿ ಸೊನ್ನೆ ಇದ್ದರೂ ಸರಾಸರಿ 3.2 ಬಂದು ಸಮಾಧಾನ ಕೊಡುತ್ತದೆ. ಪತ್ರಿಕೆಯಲ್ಲಿ ಮಾತ್ರ ಆ ಮಾಡ್ಯೂಲಿನ 20 ಅಂಕ ಪೂರ್ತಿ ಹೋಗುತ್ತದೆ, ಬೇರೆ ಮಾಡ್ಯೂಲಿನಿಂದ ಅದನ್ನು ತುಂಬುವಂತಿಲ್ಲ. ಬದಲಿಗೆ ಪ್ರತಿ ಮಾಡ್ಯೂಲಿನಲ್ಲಿ 3 ಅಥವಾ ಹೆಚ್ಚು ಪಡೆದ ಸಾಲುಗಳೆಷ್ಟು ಎಂದು ಎಣಿಸಬೇಕು. ಸ್ಪ್ರೆಡ್‌ಶೀಟಿನಲ್ಲಾದರೆ `=COUNTIF(C2:C11,">=3")` ಎಂಬ ಒಂದು ಸೂತ್ರ ಸಾಕು. ಆ ಎಣಿಕೆ ಯಾವ ಮಾಡ್ಯೂಲಿನಲ್ಲಿ ಅತಿ ಕಡಿಮೆಯೋ ಮುಂದಿನ ವಾರದ ಓದು ಅಲ್ಲಿಂದ ಆರಂಭವಾಗಬೇಕು.